ಕಾಲ್ ಆಪ್ಷನ್‌ಗೆ ಬೆಲೆ ಕಟ್ಟಲು ಹತ್ತು ಸೂತ್ರಗಳು

ಒಂದು ಷೇರಿನ ಬೆಲೆ ಇಂದು 400 ರೂಪಾಯಿ. ಮೂರು ತಿಂಗಳು ಕಳೆದ ಮೇಲೆ ಆ ಷೇರನ್ನು 420 ರೂಪಾಯಿಗೆ ಕೊಳ್ಳುವ ಹಕ್ಕನ್ನು ಒಬ್ಬರು ನಿಮಗೆ ಮಾರಲು ಬಂದಿದ್ದಾರೆ. ಹಕ್ಕು ನಿಮ್ಮದು, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಷೇರು 420 ದಾಟಿದರೆ ಹಕ್ಕನ್ನು ಬಳಸುತ್ತೀರಿ, ದಾಟದಿದ್ದರೆ ಬಿಟ್ಟುಬಿಡುತ್ತೀರಿ. ಇದೇ ಕಾಲ್ ಆಪ್ಷನ್. ಇದಕ್ಕೆ ಎಷ್ಟು ಕೊಡಬೇಕು?

1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಕೊಟ್ಟ ಉತ್ತರವನ್ನು ಹಿಡಿಯಲು ಉನ್ನತ ಗಣಿತ ಬೇಕು. 1979ರಲ್ಲಿ ಜಾನ್ ಕಾಕ್ಸ್, ಸ್ಟೀಫನ್ ರಾಸ್ ಮತ್ತು ಮಾರ್ಕ್ ರೂಬಿನ್‌ಸ್ಟೈನ್ ಅದೇ ವಿಚಾರದ ತಿರುಳನ್ನು ಹೈಸ್ಕೂಲ್ ಲೆಕ್ಕದ ಮಟ್ಟಕ್ಕೆ ತಂದು ಪ್ರಕಟಿಸಿದರು. ಹೀಗೂ ಮಾಡಬಹುದೆಂದು ಮೊದಲು ಸೂಚಿಸಿದವರು ವಿಲಿಯಂ ಶಾರ್ಪ್. ಬೈನಾಮಿಯಲ್ ವಿಧಾನ ಎಂದು ಹೆಸರಾದ ಅದರ ಒಂದೇ ಹೆಜ್ಜೆಯ ರೂಪವನ್ನು ಸರಿಯಾಗಿ ಕಲಿತರೆ ಉಳಿದದ್ದೆಲ್ಲ ಅದರ ಪುನರಾವರ್ತನೆ. ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

1. ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ

ನಮ್ಮ ಉದಾಹರಣೆ ಇದು. ಷೇರಿನ ಇಂದಿನ ಬೆಲೆ 400. ಮೂರು ತಿಂಗಳ ಕೊನೆಗೆ ಅದು 480ಕ್ಕೆ ಏರುತ್ತದೆ ಅಥವಾ 360ಕ್ಕೆ ಇಳಿಯುತ್ತದೆ. ಬೇರೆ ಯಾವ ಬೆಲೆಯೂ ಇಲ್ಲ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. ಕಾಲ್‌ನ ಸ್ಟ್ರೈಕ್ ಬೆಲೆ, ಅಂದರೆ ಕೊಳ್ಳಲು ನಿಗದಿಯಾದ ಬೆಲೆ, 420. ಯಾವ ಅಪಾಯವೂ ಇಲ್ಲದೆ ಹಣ ಇಡಲು ಅಥವಾ ಸಾಲ ಪಡೆಯಲು ಮೂರು ತಿಂಗಳಿಗೆ 2% ಬಡ್ಡಿ. ಅವಧಿಯ ನಡುವೆ ಡಿವಿಡೆಂಡ್ ಇಲ್ಲ.

ಇಷ್ಟೇ. ಇಲ್ಲಿ ಒಂದು ಅಂಕಿ ಇಲ್ಲದಿರುವುದನ್ನು ಗಮನಿಸಿ: ಷೇರು ಏರುವ ಸಾಧ್ಯತೆ ಎಷ್ಟು ಎಂದು ನಾನು ಹೇಳಿಲ್ಲ. ಮರೆತು ಬಿಟ್ಟದ್ದಲ್ಲ, ಅದು ಬೇಕಾಗುವುದೇ ಇಲ್ಲ. ಹೊಸಬರಿಗೆ ಈ ವಿಷಯದಲ್ಲಿ ಅತಿ ಕಷ್ಟವಾಗುವುದು ಇದನ್ನು ನಂಬುವುದು. ಹತ್ತರಲ್ಲಿ ಅರ್ಧದಷ್ಟು ಸೂತ್ರಗಳು ಈ ಒಂದು ಮಾತಿನ ಸುತ್ತಲೇ ಇವೆ.

2. ಎಕ್ಸ್‌ಪೈರಿ ದಿನದಿಂದ ಹಿಂದಕ್ಕೆ ಬನ್ನಿ

ಇಂದಿನ ಬೆಲೆ ಗೊತ್ತಿಲ್ಲ, ಆದರೆ ಕೊನೆಯ ದಿನದ ಬೆಲೆಯಲ್ಲಿ ಗೊಂದಲವೇ ಇಲ್ಲ. ಷೇರು 480 ಆದರೆ, 420 ಕೊಟ್ಟು ಕೊಂಡು 480ಕ್ಕೆ ಮಾರಬಹುದು, ಕಾಲ್ 60 ರೂಪಾಯಿ ಬಾಳುತ್ತದೆ. ಷೇರು 360 ಆದರೆ, ಪೇಟೆಯಲ್ಲಿ 360ಕ್ಕೆ ಸಿಗುವುದನ್ನು ಯಾರೂ 420ಕ್ಕೆ ಕೊಳ್ಳುವುದಿಲ್ಲ, ಕಾಲ್‌ನ ಬೆಲೆ ಸೊನ್ನೆ. ಸೊನ್ನೆಯ ಜಾಗದಲ್ಲಿ ಮೈನಸ್ 60 ಬರೆಯುವವರು ಹಕ್ಕನ್ನೂ ಹೊಣೆಯನ್ನೂ ಒಂದೇ ಎಂದು ತಿಳಿದಿರುತ್ತಾರೆ.

3. ಕಾಲ್ ಅನ್ನು ಕೊಳ್ಳುವ ಮೊದಲು ನೀವೇ ಕಟ್ಟಿ ನೋಡಿ

ಇಡೀ ವಿಧಾನದ ಜೀವ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಹೋಗೋಣ. ಷೇರು ಮತ್ತು ಸಾಲ ಎರಡನ್ನೇ ಬಳಸಿ, ಕಾಲ್ ಕೊಡುವಷ್ಟೇ ಹಣವನ್ನು ಎರಡೂ ಸ್ಥಿತಿಯಲ್ಲಿ ಕೊಡುವ ಒಂದು ಜೋಡಣೆ ಮಾಡಬಹುದೇ?

ಷೇರಿನ ಎರಡು ಕೊನೆಯ ಬೆಲೆಗಳ ನಡುವೆ 120 ರೂಪಾಯಿ ಅಂತರ. ಕಾಲ್‌ನ ಎರಡು ಕೊನೆಯ ಬೆಲೆಗಳ ನಡುವೆ 60 ರೂಪಾಯಿ ಅಂತರ. ಅಂದರೆ ಷೇರು ಎರಡು ರೂಪಾಯಿ ಅಲುಗಿದರೆ ಕಾಲ್ ಒಂದು ರೂಪಾಯಿ ಅಲುಗುತ್ತದೆ. ಆದ್ದರಿಂದ ಒಂದು ಕಾಲ್‌ಗೆ ಅರ್ಧ ಷೇರು ಬೇಕು. 60ನ್ನು 120ರಿಂದ ಭಾಗಿಸಿದಾಗ ಬಂದ ಈ 0.5ಕ್ಕೆ ವ್ಯಾಪಾರಿಗಳು ಡೆಲ್ಟಾ ಎನ್ನುತ್ತಾರೆ.

ಅರ್ಧ ಷೇರು ಕಣ್ಣಿಗೆ ಕಟ್ಟುವುದಿಲ್ಲವಾದರೆ 100 ಕಾಲ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಅದಕ್ಕೆ 50 ಷೇರು ಬೇಕು, ಇಂದಿನ ಬೆಲೆಯಲ್ಲಿ 20,000 ರೂಪಾಯಿ. ಮೂರು ತಿಂಗಳ ನಂತರ ಅವು 24,000 ಅಥವಾ 18,000 ಆಗುತ್ತವೆ. ನಮಗೆ ಬೇಕಾದದ್ದು 100 ಕಾಲ್‌ಗಳು ಕೊಡುವ ಹಣ, ಅಂದರೆ ಏರಿದರೆ 6,000, ಇಳಿದರೆ ಸೊನ್ನೆ. ಎರಡೂ ಸ್ಥಿತಿಯಲ್ಲಿ ನಮ್ಮ ಬಳಿ ಸರಿಯಾಗಿ 18,000 ಹೆಚ್ಚಿಗೆ ಇದೆ. ಹಾಗಿದ್ದರೆ ಕೊನೆಯಲ್ಲಿ ಬಡ್ಡಿ ಸೇರಿ 18,000 ತೀರಿಸಬೇಕಾದ ಸಾಲವನ್ನು ಇಂದೇ ಮಾಡಿದರಾಯಿತು. 2% ಬಡ್ಡಿಯಲ್ಲಿ ಆ ಸಾಲ ಇಂದು 18,000 ÷ 1.02, ಅಂದರೆ 17,647 ರೂಪಾಯಿ.

ಈಗ ಕೂಡಿಸಿ. ಷೇರು ಕೊಳ್ಳಲು 20,000 ಬೇಕು, ಸಾಲದಿಂದ 17,647 ಬಂತು, ಕೈಯಿಂದ ಹಾಕಿದ್ದು 2,353. ಏರಿದರೆ 24,000ದಲ್ಲಿ ಸಾಲ ತೀರಿಸಿ 6,000 ಉಳಿಯುತ್ತದೆ. ಇಳಿದರೆ 18,000 ಪೂರ್ತಿ ಸಾಲಕ್ಕೆ ಹೋಗಿ ಏನೂ ಉಳಿಯುವುದಿಲ್ಲ. 100 ಕಾಲ್ ಕೊಂಡವರಿಗೂ ಇದೇ ಗತಿ. ಒಂದೇ ಫಲ ಕೊಡುವ ಎರಡು ವಸ್ತುಗಳಿಗೆ ಇಂದು ಒಂದೇ ಬೆಲೆ ಇರಬೇಕು. ಹಾಗಾಗಿ 100 ಕಾಲ್‌ಗಳಿಗೆ 2,353, ಒಂದಕ್ಕೆ 23.53 ರೂಪಾಯಿ.

ಸಾಮಾನಿನ ಮತ್ತು ಕೂಲಿಯ ದರ ಗೊತ್ತಿದ್ದರೆ ಮನೆ ಕಟ್ಟುವ ಖರ್ಚು ತಿಳಿಯುತ್ತದಲ್ಲ, ಕಾಲ್‌ನ ಬೆಲೆಯೂ ಹಾಗೆ ಬಂದದ್ದು. ಯಾರ ಭವಿಷ್ಯವಾಣಿಯೂ ಇದರೊಳಗೆ ಸೇರಲಿಲ್ಲ.

4. ಬೆಲೆ ತಪ್ಪಿದ್ದರೆ ಏನಾಗುತ್ತದೆಂದು ಎರಡೂ ಕಡೆಯಿಂದ ಲೆಕ್ಕ ಹಾಕಿ

"ಇರಬೇಕು" ಎಂದು ಬರೆದುಬಿಟ್ಟೆ. ಇರದಿದ್ದರೆ? ಪೇಟೆಯಲ್ಲಿ ಅದೇ ಕಾಲ್ 28 ರೂಪಾಯಿಗೆ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ನೀವು 100 ಕಾಲ್ ಮಾರಿ 2,800 ಪಡೆಯುತ್ತೀರಿ, 17,647 ಸಾಲ ತರುತ್ತೀರಿ, ಒಟ್ಟು 20,447ರಲ್ಲಿ 20,000 ಕೊಟ್ಟು 50 ಷೇರು ಕೊಳ್ಳುತ್ತೀರಿ. 447 ರೂಪಾಯಿ ಇಂದೇ ಜೇಬಿಗೆ ಬಂತು. ಷೇರು ಏರಿದರೆ 24,000ದಲ್ಲಿ 18,000 ಸಾಲಕ್ಕೆ, 6,000 ಕಾಲ್ ಕೊಂಡವರಿಗೆ. ಇಳಿದರೆ 18,000 ಸಾಲಕ್ಕೆ, ಕಾಲ್ ಕೊಂಡವರಿಗೆ ಏನೂ ಕೊಡಬೇಕಿಲ್ಲ. ಎರಡು ಸ್ಥಿತಿಯಲ್ಲೂ ನಿಮ್ಮ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ, 447 ಮಾತ್ರ ನಿಮ್ಮಲ್ಲೇ ಉಳಿಯಿತು.

ಕಾಲ್ 20 ರೂಪಾಯಿಗೆ ಸಿಗುತ್ತಿದ್ದರೆ ಎಲ್ಲವನ್ನೂ ತಿರುಗಿಸಿ. 50 ಷೇರುಗಳನ್ನು ಎರವಲು ಪಡೆದು ಮಾರಿದರೆ 20,000 ಬರುತ್ತದೆ. ಇದಕ್ಕೆ ಶಾರ್ಟ್ ಸೆಲ್ಲಿಂಗ್ ಎಂದು ಹೆಸರು. ಅದರಲ್ಲಿ 2,000 ಕೊಟ್ಟು 100 ಕಾಲ್ ಕೊಳ್ಳಿ, 17,647ನ್ನು ಬಡ್ಡಿಗೆ ಇಡಿ, ಉಳಿದ 353 ನಿಮ್ಮದು. ಏರಿದರೆ ಠೇವಣಿಯ 18,000 ಮತ್ತು ಕಾಲ್‌ಗಳ 6,000 ಸೇರಿ 24,000, ಅದು 50 ಷೇರು ವಾಪಸ್ ಕೊಳ್ಳಲು ಸರಿಯಾಗುತ್ತದೆ. ಇಳಿದರೆ 18,000ಕ್ಕೆ 50 ಷೇರು ಸಿಗುತ್ತವೆ.

ಇಂಥ ಅಪಾಯವಿಲ್ಲದ ಲಾಭಕ್ಕೆ ಆರ್ಬಿಟ್ರೇಜ್ ಎಂದು ಹೆಸರು. ಅದು ಕಂಡ ತಕ್ಷಣ 28ರಲ್ಲಿ ಮಾರುವವರು ಮುಗಿಬಿದ್ದು ಬೆಲೆ ಇಳಿಸುತ್ತಾರೆ, 20ರಲ್ಲಿ ಕೊಳ್ಳುವವರು ಮುಗಿಬಿದ್ದು ಏರಿಸುತ್ತಾರೆ. 23.53ರಲ್ಲಿ ಮಾತ್ರ ಯಾರಿಗೂ ಪುಕ್ಕಟೆ ಹಣವಿಲ್ಲ. ಹೊಸ ಉದಾಹರಣೆ ಬಿಡಿಸಿದಾಗಲೆಲ್ಲ ಒಂದು ತಪ್ಪು ಬೆಲೆಯನ್ನು ನೀವೇ ಇಟ್ಟು ಏರಿದಾಗಿನ ಮತ್ತು ಇಳಿದಾಗಿನ ಲೆಕ್ಕಗಳನ್ನು ಬರೆಯಿರಿ. ಕೊನೆಯ ಸಾಲುಗಳು ಸೊನ್ನೆಗೆ ಬರದಿದ್ದರೆ ಡೆಲ್ಟಾ ಅಥವಾ ಸಾಲದ ಮೊತ್ತದಲ್ಲಿ ತಪ್ಪಿದೆ.

5. ರಿಸ್ಕ್-ನ್ಯೂಟ್ರಲ್ ಸಂಭವನೀಯತೆಯನ್ನು ಷೇರಿನಿಂದ ತೆಗೆಯಿರಿ, ಕಾಲ್‌ನಿಂದಲ್ಲ

ಪ್ರತಿ ಸಲ ಷೇರು ಮತ್ತು ಸಾಲದ ಜೋಡಣೆ ಮಾಡುವುದು ಉದ್ದದ ದಾರಿ. ಅದೇ ಉತ್ತರಕ್ಕೆ ಒಂದು ಅಡ್ಡದಾರಿ ಇದೆ. ಅಪಾಯವನ್ನು ಯಾರೂ ಲೆಕ್ಕಕ್ಕೇ ಇಡದ ಒಂದು ಲೋಕವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಷೇರಿನಲ್ಲಿ ಹಣ ಹಾಕಿದವರು ಸರಾಸರಿಯಲ್ಲಿ ಠೇವಣಿಯ ಬಡ್ಡಿಗಿಂತ ಹೆಚ್ಚೇನೂ ಕೇಳುವುದಿಲ್ಲ. 400 ರೂಪಾಯಿಯ ಷೇರು ಅವರ ಸರಾಸರಿ ಲೆಕ್ಕದಲ್ಲಿ ಮೂರು ತಿಂಗಳಿಗೆ 400 × 1.02, ಅಂದರೆ 408 ಆಗಬೇಕು. 480 ಮತ್ತು 360ರ ಸರಾಸರಿ 408 ಆಗಬೇಕಾದರೆ ಏರುವ ಸಾಧ್ಯತೆಗೆ ಎಷ್ಟು ತೂಕ ಕೊಡಬೇಕು? 360ರಿಂದ 408ಕ್ಕೆ 48 ರೂಪಾಯಿ ದೂರ, 360ರಿಂದ 480ಕ್ಕೆ 120 ರೂಪಾಯಿ ದೂರ. 48 ÷ 120 = 0.4. ಇದೇ ರಿಸ್ಕ್-ನ್ಯೂಟ್ರಲ್ ಸಂಭವನೀಯತೆ. ಇಳಿಯುವುದಕ್ಕೆ ಉಳಿದ 0.6.

ಪುಸ್ತಕಗಳಲ್ಲಿ ಇದು ಹೀಗಿರುತ್ತದೆ:

```
q = (R - d) / (u - d)
C = (q * Cu + (1 - q) * Cd) / R
```

ಇಲ್ಲಿ `u` ಎಂದರೆ ಏರಿದಾಗಿನ ಬೆಲೆಯನ್ನು ಇಂದಿನ ಬೆಲೆಯಿಂದ ಭಾಗಿಸಿದ್ದು, 1.2. `d` ಇಳಿದಾಗಿನದು, 0.9. `R` ಒಂದು ರೂಪಾಯಿ ಬಡ್ಡಿ ಸೇರಿ ಆಗುವ ಮೊತ್ತ, 1.02. `Cu` ಮತ್ತು `Cd` ಕಾಲ್‌ನ ಕೊನೆಯ ಬೆಲೆಗಳು, 60 ಮತ್ತು 0. ಮೊದಲ ಸಾಲು 0.12 ÷ 0.3, ಅಂದರೆ 0.4. ಎರಡನೆಯ ಸಾಲಿನಲ್ಲಿ 0.4 × 60 ಎಂದರೆ 24, ಅದನ್ನು 1.02ರಿಂದ ಭಾಗಿಸಿದರೆ 23.53. ಕಟ್ಟಿ ನೋಡಿದಾಗ ಬಂದ ಬೆಲೆಯೇ ಪೈಸೆ ತಪ್ಪದೆ ಬಂತು.

ಎರಡು ದಾರಿ ಒಂದೇ ಊರಿಗೆ ಬರುವುದು ಆಕಸ್ಮಿಕವಲ್ಲ. ನಾವು ಕಟ್ಟಿದ ಜೋಡಣೆಯಲ್ಲಿ ಇದ್ದದ್ದು ಷೇರು ಮತ್ತು ಸಾಲ. 0.4 ಮತ್ತು 0.6ರ ತೂಕ ಹಾಕಿ 1.02ರಿಂದ ಭಾಗಿಸಿದರೆ ಷೇರಿಗೆ ಅದರ ಇಂದಿನ ಬೆಲೆ 400 ಬರುತ್ತದೆ, ಏಕೆಂದರೆ ಆ ತೂಕವನ್ನು ಹಾಗೆಂದೇ ಆರಿಸಿದ್ದೇವೆ. ಸಾಲಕ್ಕೂ ಅದರ ಇಂದಿನ ಮೊತ್ತವೇ ಬರುತ್ತದೆ. ಎರಡು ಭಾಗಗಳಿಗೆ ಸರಿಯಾದ ಬೆಲೆ ಕೊಡುವ ತೂಕ, ಅವುಗಳಿಂದ ಕಟ್ಟಿದ ಕಾಲ್‌ಗೂ ಸರಿಯಾದ ಬೆಲೆಯನ್ನೇ ಕೊಡುತ್ತದೆ. 0.4 ಎಂಬ ಅಂಕಿಯನ್ನು ಕಾಲ್‌ನ ಸ್ಟ್ರೈಕ್ ಬೆಲೆ ಸ್ವಲ್ಪವೂ ಮುಟ್ಟಿಲ್ಲ ಎನ್ನುವುದನ್ನೂ ನೋಡಿ. ಅದೇ ಷೇರಿನ ಮೇಲೆ 400 ಅಥವಾ 440ರ ಸ್ಟ್ರೈಕ್ ಬಂದರೂ 0.4 ಅದೇ ಇರುತ್ತದೆ, ಕೊನೆಯ ಬೆಲೆ ಮಾತ್ರ ಬದಲಾಗುತ್ತದೆ.

6. ನಿಮ್ಮ 70% ನಂಬಿಕೆಯನ್ನು ಸೂತ್ರದೊಳಗೆ ಹಾಕಬೇಡಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇದು. "ಈ ಕಂಪನಿ ನನಗೆ ಗೊತ್ತು, ಏರುವ ಸಾಧ್ಯತೆ 70%" ಎಂದು ನೀವು ನಂಬಿದ್ದೀರಿ. ಆಗ 0.7 × 60 = 42, ಅದನ್ನು 1.02ರಿಂದ ಭಾಗಿಸಿ ಕಾಲ್ 41.18 ರೂಪಾಯಿ ಬಾಳುತ್ತದೆ ಎನ್ನುತ್ತೀರಿ. ನಿಮ್ಮ ನಂಬಿಕೆ ನಿಜವೇ ಇರಬಹುದು, ಆದರೆ ಬೆಲೆ ತಪ್ಪು. 23.53ಕ್ಕೆ ಮನೆಯಲ್ಲೇ ಕಟ್ಟಬಹುದಾದ ವಸ್ತುವಿಗೆ 41.18 ಕೊಟ್ಟರೆ, ಮಾರಿದವರು ನಾಲ್ಕನೆಯ ಸೂತ್ರದಂತೆ 17 ರೂಪಾಯಿಗೂ ಹೆಚ್ಚು ಹಣವನ್ನು ಯಾವ ಅಪಾಯವೂ ಇಲ್ಲದೆ ಎಣಿಸಿಕೊಳ್ಳುತ್ತಾರೆ. ಷೇರು ಏರಿದರೂ ಅವರಿಗೆ ಚಿಂತೆಯಿಲ್ಲ.

ತಪ್ಪು ಎಲ್ಲಾಯಿತು? ನಿಜವಾದ 70%ನ್ನು ಇಟ್ಟುಕೊಂಡು, ಅಪಾಯವಿಲ್ಲದ 2% ಬಡ್ಡಿಯಿಂದ ಭಾಗಿಸಿದ್ದು ತಪ್ಪು. 70% ನಿಜವಾದರೆ ಷೇರಿನ ಸರಾಸರಿ ಕೊನೆಯ ಬೆಲೆ 0.7 × 480 + 0.3 × 360, ಅಂದರೆ 444. ಇಂದಿನ 400ಕ್ಕೆ ಹೋಲಿಸಿದರೆ 11% ಲಾಭ. ಅಪಾಯ ಹೊರುವುದಕ್ಕೆ ಪ್ರತಿಯಾಗಿ ಜನ 2ರ ಬದಲು 11 ಕೇಳುತ್ತಿದ್ದಾರೆ. ಕಾಲ್ ಷೇರಿಗಿಂತ ಎಷ್ಟೋ ಪಾಲು ಹೆಚ್ಚು ಅಪಾಯದ್ದು. ನಾವು ಕಟ್ಟಿದ ಜೋಡಣೆಯಲ್ಲಿ ಕೈಹಣ 23.53 ಮಾತ್ರ, ಅದು ಹೊತ್ತಿರುವ ಷೇರು 200 ರೂಪಾಯಿಯದು, ಅಂದರೆ ಎಂಟೂವರೆ ಪಟ್ಟು. ಹಾಗಾಗಿ ಷೇರಿನಲ್ಲಿ ಬಡ್ಡಿಯ ಮೇಲೆ ಸಿಗುವ 9% ಹೆಚ್ಚುವರಿ ಲಾಭ ಕಾಲ್‌ನಲ್ಲಿ ಎಂಟೂವರೆ ಪಟ್ಟಾಗಿ 76.5% ಆಗುತ್ತದೆ. ಅದಕ್ಕೆ 2% ಸೇರಿಸಿದರೆ 78.5%. ಈಗ 42ನ್ನು 1.785ರಿಂದ ಭಾಗಿಸಿ ನೋಡಿ: 23.53!

ನಿಜವಾದ ಸಂಭವನೀಯತೆಯಿಂದಲೂ ಸರಿಯಾದ ಉತ್ತರ ಬರುತ್ತದೆ, ಆದರೆ ಅದಕ್ಕೆ ಜೊತೆಯಾಗುವ 78.5% ದರವನ್ನು ಕಂಡುಹಿಡಿಯಲು ಕಾಲ್‌ನ ಬೆಲೆ ಮೊದಲೇ ಗೊತ್ತಿರಬೇಕು. ರಿಸ್ಕ್-ನ್ಯೂಟ್ರಲ್ ವಿಧಾನ ಆ ತೊಡಕನ್ನೇ ತಪ್ಪಿಸುತ್ತದೆ. ಅಪಾಯಕ್ಕೆ ಕೇಳುವ ಪ್ರತಿಫಲವನ್ನು ದರದಲ್ಲಿ ಇಡುವ ಬದಲು ತೂಕದಲ್ಲಿ ಇಡುತ್ತದೆ: 0.7 ಇದ್ದದ್ದು 0.4 ಆಗುತ್ತದೆ, 78.5% ಇದ್ದದ್ದು 2% ಆಗುತ್ತದೆ. 0.4 ಜೊತೆ 2% ಒಂದು ಜೋಡಿ, 0.7 ಜೊತೆ 78.5% ಇನ್ನೊಂದು ಜೋಡಿ. ಜೋಡಿಗಳನ್ನು ಅದಲುಬದಲು ಮಾಡಿದಾಗ ಮಾತ್ರ ಲೆಕ್ಕ ಕೆಡುತ್ತದೆ.

ಹಾಗಿದ್ದರೆ ಒಳ್ಳೆಯ ಸುದ್ದಿಗೆ ಕಾಲ್ ಸ್ಪಂದಿಸುವುದೇ ಇಲ್ಲವೇ? ಸ್ಪಂದಿಸುತ್ತದೆ, ಆದರೆ ಷೇರಿನ ಮೂಲಕ. ಎಲ್ಲರೂ ಹೆಚ್ಚು ಆಶಾವಾದಿಗಳಾದರೆ ಮೊದಲು ಷೇರು 400ರಿಂದ ಏರುತ್ತದೆ. ಕೊನೆಯ ಬೆಲೆಗಳು 480 ಮತ್ತು 360 ಹಾಗೆಯೇ ಉಳಿದು ಇಂದಿನ ಬೆಲೆ 420 ಆಯಿತೆನ್ನಿ. ಆಗ 420 × 1.02 = 428.40, ಹೊಸ ತೂಕ 68.40 ÷ 120 = 0.57, ಕಾಲ್‌ನ ಬೆಲೆ 33.53. ಪೇಟೆಯ ಅಭಿಪ್ರಾಯ ಷೇರಿನ ಬೆಲೆಯೊಳಗೆ ಆಗಲೇ ಕೂತಿದೆ. ಅದನ್ನು ಸೂತ್ರದೊಳಗೆ ಇನ್ನೊಮ್ಮೆ ತುರುಕಿದರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದಂತಾಗುತ್ತದೆ.

7. ಬಂದ ಸಂಭವನೀಯತೆ 0 ಮತ್ತು 1ರ ನಡುವೆ ಇದೆಯೇ ನೋಡಿ

ಇಲ್ಲದಿದ್ದರೆ ಮುಂದೆ ಹೋಗಬೇಡಿ. ಕೆಳಗಿನ ಬೆಲೆ 360ರ ಬದಲು 410 ಎಂದು ಹಾಕಿ ನೋಡಿ. 408ರಿಂದ 410 ಕಳೆದರೆ ಮೈನಸ್ 2, ಸಂಭವನೀಯತೆ ಋಣವಾಯಿತು. ಇದರ ಅರ್ಥ ಸ್ಪಷ್ಟ: 400 ಸಾಲ ಮಾಡಿ ಷೇರು ಕೊಂಡರೆ ಕನಿಷ್ಠ 410 ಬರುತ್ತದೆ, ತೀರಿಸಬೇಕಾದ್ದು 408. ಅಂಥ ಷೇರು 400ರಲ್ಲಿ ನಿಲ್ಲಲು ಸಾಧ್ಯವೇ ಇಲ್ಲ. ಬಡ್ಡಿ ಸೇರಿದ ಮೊತ್ತ ಯಾವಾಗಲೂ ಎರಡು ಕೊನೆಯ ಬೆಲೆಗಳ ನಡುವೆ ಬೀಳಬೇಕು.

8. ಬಡ್ಡಿಯ ಅವಧಿ ಮತ್ತು ಡಿವಿಡೆಂಡ್ ಎರಡರಲ್ಲೂ ಎಚ್ಚರವಿರಲಿ

ಏಳನೆಯ ಪರೀಕ್ಷೆ ಹಿಡಿಯಲಾಗದ ತಪ್ಪುಗಳಿವು. ವರ್ಷಕ್ಕೆ 8% ಬಡ್ಡಿಯನ್ನು ಮೂರು ತಿಂಗಳ ಹೆಜ್ಜೆಗೆ ಹಾಗೆಯೇ ಹಾಕಿದರೆ 408ರ ಬದಲು 432 ಬರುತ್ತದೆ, ತೂಕ 0.6 ಆಗುತ್ತದೆ, ಬೆಲೆ 33.33ಕ್ಕೆ ಹಾರುತ್ತದೆ. 0.6 ಎಂಬುದು ನೋಡಲು ಸರಿಯಾದ ಸಂಭವನೀಯತೆಯಂತೆಯೇ ಇದೆ, ಅದೇ ಅಪಾಯ. ಹೆಜ್ಜೆ ಎಷ್ಟು ಉದ್ದವೋ ಬಡ್ಡಿಯೂ ಅಷ್ಟೇ ಅವಧಿಯದಿರಲಿ.

ಡಿವಿಡೆಂಡ್ ಇದ್ದಾಗ ಷೇರು ಹಿಡಿದವರಿಗೆ ಅದು ಸಿಗುತ್ತದೆ, ಕಾಲ್ ಹಿಡಿದವರಿಗೆ ಸಿಗುವುದಿಲ್ಲ. ಅವಧಿಯ ಕೊನೆಗೆ 8 ರೂಪಾಯಿ ಡಿವಿಡೆಂಡ್ ಬರುತ್ತದೆ, 480 ಮತ್ತು 360 ಎಂಬುವು ಡಿವಿಡೆಂಡ್ ಕೊಟ್ಟ ನಂತರದ ಬೆಲೆಗಳು ಎಂದಿಟ್ಟುಕೊಳ್ಳಿ. ಆಗ 408ರಲ್ಲಿ 8 ಡಿವಿಡೆಂಡ್‌ನಿಂದಲೇ ಬಂತು, ಷೇರಿನ ಬೆಲೆ ಸರಾಸರಿ 400 ತಲುಪಿದರೆ ಸಾಕು. ತೂಕ 40 ÷ 120, ಮೂರನೇ ಒಂದು. ಕಾಲ್ 20 ÷ 1.02, ಅಂದರೆ 19.61 ರೂಪಾಯಿ. ಸಣ್ಣ ಡಿವಿಡೆಂಡ್ ಎಂದು ಬಿಟ್ಟಿದ್ದರೆ ಸುಮಾರು 4 ರೂಪಾಯಿ ಹೆಚ್ಚು ಕೊಡುತ್ತಿದ್ದಿರಿ.

ಇಡೀ ಲೆಕ್ಕಕ್ಕೊಂದು ತಾಳೆ ನೋಡಬೇಕೆಂದರೆ ಅದೇ ಸ್ಟ್ರೈಕ್‌ನ ಪುಟ್ ಆಪ್ಷನ್, ಅಂದರೆ 420ಕ್ಕೆ ಮಾರುವ ಹಕ್ಕಿನ ಬೆಲೆಯನ್ನೂ ತೆಗೆಯಿರಿ. ಡಿವಿಡೆಂಡ್ ಇಲ್ಲದ ನಮ್ಮ ಮೂಲ ಉದಾಹರಣೆಯಲ್ಲಿ ಅದು 0.6 × 60 ÷ 1.02, ಅಂದರೆ 35.29. ಕಾಲ್‌ನಿಂದ ಪುಟ್ ಕಳೆದರೆ ಮೈನಸ್ 11.76. ಇಂದಿನ 400ರಿಂದ 420 ÷ 1.02 ಕಳೆದರೂ ಮೈನಸ್ 11.76. ಇವೆರಡು ತಾಳೆಯಾಗದಿದ್ದರೆ ಎಲ್ಲೋ ಗುಣಾಕಾರ ತಪ್ಪಿದೆ.

9. ನಿಮ್ಮ ಶ್ರಮವನ್ನೆಲ್ಲ ಎರಡು ಕೊನೆಯ ಬೆಲೆಗಳ ಮೇಲೆ ಹಾಕಿ

ಸಂಭವನೀಯತೆಯ ಚರ್ಚೆಯಿಂದ ಉಳಿದ ಹೊತ್ತನ್ನು ಇಲ್ಲಿ ಬಳಸಿ. ಎರಡು ಬೆಲೆಗಳನ್ನು ಇನ್ನಷ್ಟು ದೂರ ಸರಿಸಿ 500 ಮತ್ತು 340 ಮಾಡಿ ನೋಡಿ. ತೂಕ 68 ÷ 160, ಅಂದರೆ 0.425. ಏರಿದಾಗ ಕಾಲ್ 80 ರೂಪಾಯಿ. ಬೆಲೆ 34 ÷ 1.02, ಅಂದರೆ 33.33. ಷೇರಿನ ಇಂದಿನ ಬೆಲೆ ಬದಲಾಗಿಲ್ಲ, ಬಡ್ಡಿ ಬದಲಾಗಿಲ್ಲ, ಕಾಲ್ ಮಾತ್ರ 23.53ರಿಂದ 33.33 ಆಯಿತು. ಕೆಳಗೆ 20 ರೂಪಾಯಿ ಹೆಚ್ಚು ಕುಸಿದರೂ ಕಾಲ್‌ಗೆ ನಷ್ಟವಿಲ್ಲ, ಅದು ಸೊನ್ನೆಯಲ್ಲೇ ನಿಲ್ಲುತ್ತದೆ. ಮೇಲೆ 20 ಹೆಚ್ಚು ಏರಿದರೆ ಪೂರ್ತಿ ಲಾಭ. ಷೇರು ಯಾವ ಕಡೆಗೆ ಹೋಗುತ್ತದೆ ಎನ್ನುವುದಕ್ಕಿಂತ ಎಷ್ಟು ಅಗಲವಾಗಿ ತೂಗಾಡುತ್ತದೆ ಎನ್ನುವುದೇ ಆಪ್ಷನ್‌ನ ಬೆಲೆಯನ್ನು ಆಳುತ್ತದೆ.

ಆ ಅಗಲವನ್ನು ವೊಲಟಿಲಿಟಿ ಎನ್ನುತ್ತಾರೆ. ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ವಾರ್ಷಿಕ ವೊಲಟಿಲಿಟಿಯಿಂದ ಎರಡು ಬೆಲೆಗಳನ್ನು ಪಡೆಯುವ ದಾರಿ ಕೊಟ್ಟಿದ್ದಾರೆ:

```
u = exp(sigma * sqrt(t))
d = 1 / u
```

ವೊಲಟಿಲಿಟಿ 30%, ಅವಧಿ ಕಾಲು ವರ್ಷ ಎಂದರೆ `u` ಸುಮಾರು 1.162, `d` ಸುಮಾರು 0.861. ನಮ್ಮ ಷೇರಿನ ಕೊನೆಯ ಬೆಲೆಗಳು ಸುಮಾರು 464.70 ಮತ್ತು 344.30. ಆಗ ಕಾಲ್‌ನ ಬೆಲೆ ಸುಮಾರು 23.20. ಅದೇ 30% ಇಟ್ಟುಕೊಂಡು ಬ್ಲ್ಯಾಕ್-ಶೋಲ್ಸ್ ಸೂತ್ರ ಹಾಕಿದರೆ ಸುಮಾರು 18.83 ಬರುತ್ತದೆ. ಒಂದೇ ಹೆಜ್ಜೆಯ ಉತ್ತರದಲ್ಲಿ ನಾಲ್ಕು ರೂಪಾಯಿಗೂ ಹೆಚ್ಚು ವ್ಯತ್ಯಾಸ! ಮೂರು ತಿಂಗಳನ್ನು ನೂರಾರು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಕವಲಿನಲ್ಲೂ ಇದೇ ಲೆಕ್ಕ ಮಾಡುತ್ತ ಹಿಂದಕ್ಕೆ ಬಂದರೆ ಉತ್ತರ ಬ್ಲ್ಯಾಕ್-ಶೋಲ್ಸ್ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಒಂದು ಹೆಜ್ಜೆಯ ಲೆಕ್ಕ ಕಲಿಯುವುದಕ್ಕೆ. ಅದರಿಂದ ಬಂದ ಬೆಲೆಯನ್ನು ಹಿಡಿದು ಪೇಟೆಗೆ ಇಳಿಯಬಾರದು.

10. ವಿಧಾನ ಎಲ್ಲಿ ಕೈಕೊಡುತ್ತದೆಂದು ಮೊದಲೇ ತಿಳಿದಿರಿ

ನಮ್ಮ ಇಡೀ ಕಟ್ಟಡ ನಿಂತಿರುವುದು ಕೊನೆಯ ಬೆಲೆಗಳು ಎರಡೇ ಎಂಬ ಒಪ್ಪಂದದ ಮೇಲೆ. ಮೂರನೆಯದೊಂದು ಬರಲಿ: ಷೇರು 400ರಲ್ಲೇ ಉಳಿಯಿತು. ಅರ್ಧ ಷೇರಿಗೆ 200 ಬಂತು, ಸಾಲಕ್ಕೆ 180 ಹೋಯಿತು, 20 ಉಳಿಯಿತು. ಕಾಲ್ ಮಾತ್ರ ಸೊನ್ನೆ, ಏಕೆಂದರೆ 400 ಎಂಬುದು 420ಕ್ಕಿಂತ ಕಡಿಮೆ. ಷೇರು ಮತ್ತು ಸಾಲ ಎಂಬ ಎರಡು ಸಾಮಾನುಗಳಿಂದ ಎರಡು ಸ್ಥಿತಿಗಳನ್ನು ಹೊಂದಿಸಬಹುದು, ಮೂರನ್ನು ಸಾಧ್ಯವಿಲ್ಲ. ಆಗ ಒಂದೇ ಬೆಲೆ ಸಿಗುವುದಿಲ್ಲ, ಆರ್ಬಿಟ್ರೇಜ್‌ಗೆ ಆಸ್ಪದವಿಲ್ಲದ ಬೆಲೆಗಳ ಒಂದು ವ್ಯಾಪ್ತಿ ಮಾತ್ರ ಸಿಗುತ್ತದೆ. ಹಲವು ಹೆಜ್ಜೆಗಳ ವಿಧಾನ ಇದರಿಂದ ಪಾರಾಗುವುದು, ಪ್ರತಿ ಹೆಜ್ಜೆಯಲ್ಲೂ ಎರಡೇ ಕವಲು ಇಟ್ಟು, ಹೆಜ್ಜೆಗೊಮ್ಮೆ ಷೇರಿನ ಸಂಖ್ಯೆಯನ್ನು ತಿದ್ದುವುದರಿಂದ.

ಇನ್ನು ನಮ್ಮ ಪೇಟೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬಿಡಿ ಷೇರುಗಳ ಆಪ್ಷನ್‌ಗಳು 2001ರ ಜುಲೈನಲ್ಲಿ ಶುರುವಾದವು. 2011ರಿಂದ ಅವು ಯುರೋಪಿಯನ್ ಮಾದರಿಯವು, ಅಂದರೆ ಹಕ್ಕನ್ನು ಎಕ್ಸ್‌ಪೈರಿ ದಿನವೇ ಬಳಸಬೇಕು. ಆ ಮಟ್ಟಿಗೆ ನಮ್ಮ ಲೆಕ್ಕ ಅಲ್ಲಿಗೆ ಹೊಂದುತ್ತದೆ. ಹೊಂದದ ಕಡೆಗಳೂ ಇವೆ. ಸಾಮಾನ್ಯ ಹೂಡಿಕೆದಾರರು ನಗದು ಪೇಟೆಯಲ್ಲಿ ಷೇರನ್ನು ಶಾರ್ಟ್ ಮಾಡಿದರೆ ಅದೇ ದಿನ ವಾಪಸ್ ಕೊಳ್ಳಬೇಕು. ಮೂರು ತಿಂಗಳು ಹಾಗೆ ನಿಲ್ಲಬೇಕಾದರೆ ಷೇರನ್ನು ಅಧಿಕೃತವಾಗಿ ಎರವಲು ಪಡೆಯಬೇಕು ಅಥವಾ ಫ್ಯೂಚರ್ಸ್ ಬಳಸಬೇಕು. ನಿಮಗೆ ಸಾಲ ಸಿಗುವ ದರ ಬೇರೆ, ಠೇವಣಿಗೆ ಸಿಗುವ ದರ ಬೇರೆ. ಅಪಾಯವಿಲ್ಲದ ಬಡ್ಡಿಗೆ ರಿಸರ್ವ್ ಬ್ಯಾಂಕ್ ಹರಾಜು ಮಾಡುವ 91 ದಿನಗಳ ಟ್ರೆಶರಿ ಬಿಲ್‌ನ ದರವನ್ನು ನೋಡಬಹುದು, ಆದರೆ ಆ ದರದಲ್ಲಿ ನಿಮಗೆ ಯಾರೂ ಸಾಲ ಕೊಡುವುದಿಲ್ಲ. ಬ್ರೋಕರೇಜ್, ತೆರಿಗೆ, ಮಾರ್ಜಿನ್ ಬೇರೆ. ನಾಲ್ಕನೆಯ ಸೂತ್ರದ 447 ರೂಪಾಯಿ ಲಾಭದಲ್ಲಿ ಇವೆಲ್ಲ ಪಾಲು ಕೇಳುತ್ತವೆ. ಆದ್ದರಿಂದ ಪೇಟೆಯ ಪ್ರೀಮಿಯಂ ನಿಮ್ಮ ಲೆಕ್ಕಕ್ಕಿಂತ ಒಂದೆರಡು ರೂಪಾಯಿ ಆಚೀಚೆ ಇದ್ದರೆ ಅದು ಆರ್ಬಿಟ್ರೇಜ್ ಎಂದು ತಿಳಿಯಬೇಡಿ. ಹೆಚ್ಚಿನ ಸಲ ವ್ಯತ್ಯಾಸದ ಮೂಲ ನೀವು ಆರಿಸಿದ ಎರಡು ಕೊನೆಯ ಬೆಲೆಗಳೇ.

ಈಗ ನಿಮ್ಮ ಸರದಿ. ಅದೇ ಷೇರು, ಅದೇ 480 ಮತ್ತು 360, ಅದೇ 2% ಬಡ್ಡಿ, ಸ್ಟ್ರೈಕ್ ಮಾತ್ರ 450. ಮೊದಲು ಷೇರು ಮತ್ತು ಸಾಲದಿಂದ ಕಟ್ಟಿ, ಆಮೇಲೆ 0.4ರಿಂದ ಬಿಡಿಸಿ. ಡೆಲ್ಟಾ 0.25, ಬೆಲೆ 11.76 ರೂಪಾಯಿ ಎರಡು ದಾರಿಯಲ್ಲೂ ಬರಬೇಕು.